ಠೇವಣಿಯ ನೈಜ ಗಳಿಕೆ ಎಷ್ಟು? ಹಣದುಬ್ಬರವನ್ನು ಕಳೆಯದೆ, ಭಾಗಿಸಿ ಲೆಕ್ಕ ಹಾಕುವ ಕ್ರಮ

ಅಡಿಕೆ ಮಾರಿದ ಹಣ ಕೈಗೆ ಬಂದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಅದರ ಒಂದು ಪಾಲು ಸಹಕಾರಿ ಸಂಘಕ್ಕೋ ಬ್ಯಾಂಕಿಗೋ ಅಂಚೆ ಕಚೇರಿಗೋ ಠೇವಣಿಯಾಗಿ ಹೋಗುವುದು ರೂಢಿ. ಆಗ ಎಲ್ಲರೂ ಕೇಳುವ ಪ್ರಶ್ನೆ ಬಡ್ಡಿ ಎಷ್ಟು ಎಂಬುದು. ಸ್ವಲ್ಪ ಲೆಕ್ಕ ಬಲ್ಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಡ್ಡಿ ದರದಿಂದ ಹಣದುಬ್ಬರದ ದರವನ್ನು ಕಳೆದು, ಉಳಿದದ್ದೇ ನಿಜವಾದ ಲಾಭ ಎನ್ನುತ್ತಾರೆ. ಈ ಕಳೆಯುವ ಲೆಕ್ಕ ಒಂದು ವರ್ಷದ ಅವಧಿಗೆ ಹೆಚ್ಚುಕಡಿಮೆ ಸರಿಯಾಗಿ ಕಾಣುತ್ತದೆ. ಐದು ವರ್ಷದ ಠೇವಣಿಗೆ ಅದನ್ನೇ ಅನ್ವಯಿಸಿದರೆ ಲಾಭವನ್ನು ಕಾಲು ಪಾಲಿಗಿಂತ ಹೆಚ್ಚಾಗಿ ಉಬ್ಬಿಸಿ ತೋರಿಸಬಲ್ಲದು. ಸರಿಯಾದ ಕ್ರಮವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1896ರಲ್ಲಿಯೇ ವಿವರಿಸಿದ್ದರು. ಆ ಸಂಬಂಧ ಹೇಗೆ ಹುಟ್ಟುತ್ತದೆ, ಅದನ್ನು ಒಂದು ಠೇವಣಿಗೆ ಹೇಗೆ ಅನ್ವಯಿಸಬೇಕು, ಯಾವ ಹಂತದಲ್ಲಿ ಜನ ಎಡವುತ್ತಾರೆ ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ.

ಕಳೆದರೆ ಏಕೆ ತಪ್ಪಾಗುತ್ತದೆ

ಪಾಸ್‌ಬುಕ್ಕಿನಲ್ಲಿ ರೂಪಾಯಿ ಎಷ್ಟು ಹೆಚ್ಚಾಯಿತು ಎಂಬುದು ನಾಮಮಾತ್ರ ಪ್ರತಿಫಲ. ಆ ರೂಪಾಯಿಗೆ ಸಿಗುವ ಸಾಮಾನು ಎಷ್ಟು ಹೆಚ್ಚಾಯಿತು ಎಂಬುದು ನೈಜ ಪ್ರತಿಫಲ. ಎರಡನೆಯದನ್ನು ಕಂಡುಹಿಡಿಯಬೇಕಾದರೆ ದರಗಳನ್ನು ಬದಿಗಿಟ್ಟು ಸಾಮಾನನ್ನೇ ಎಣಿಸಿ ನೋಡುವುದು ಒಳ್ಳೆಯದು.

ಒಂದು ಸಹಕಾರಿ ಸಂಘ ಮುಂಗಾರಿಗೆ ಮೊದಲು ಸದಸ್ಯರಿಗಾಗಿ ಮೈಲುತುತ್ತ ಖರೀದಿಸಿ ಇಡುತ್ತದೆ ಎಂದುಕೊಳ್ಳೋಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮಲೆನಾಡಿನಲ್ಲಿ ಅದಿಲ್ಲದೆ ಮಳೆಗಾಲ ಕಳೆಯುವುದಿಲ್ಲ. ಸಂಘದ ಬಳಿ 1,00,000 ರೂಪಾಯಿ ಇದೆ. ಲೆಕ್ಕ ಸುಲಭವಾಗಲೆಂದು ಮೈಲುತುತ್ತದ ಬೆಲೆ ಕಿಲೋಗೆ 250 ರೂಪಾಯಿ ಎಂದಿಟ್ಟುಕೊಂಡರೆ, ಇಂದು 400 ಕಿಲೋ ಬರುತ್ತದೆ. ಈ ವರ್ಷ ಹಿಂದಿನ ದಾಸ್ತಾನು ಸಾಕಾಗುತ್ತದೆ ಎಂದು ಸಂಘವು ಹಣವನ್ನು ಶೇ 8ರ ಬಡ್ಡಿಗೆ ಒಂದು ವರ್ಷ ಠೇವಣಿ ಇಡುತ್ತದೆ. ಅಷ್ಟರಲ್ಲಿ ಮೈಲುತುತ್ತದ ಬೆಲೆ ಶೇ 6ರಷ್ಟು ಏರಿ 265 ರೂಪಾಯಿ ಆಗುತ್ತದೆ.

ವರ್ಷ ಕಳೆದ ಮೇಲೆ ಕೈಯಲ್ಲಿರುವುದು 1,08,000 ರೂಪಾಯಿ. ಹಿಂದಿನ ವರ್ಷ ಸಿಗುತ್ತಿದ್ದ ಅದೇ 400 ಕಿಲೋ ಕೊಳ್ಳಲು ಈಗ 1,06,000 ರೂಪಾಯಿ ಬೇಕು. ಉಳಿಯುವುದು 2,000 ರೂಪಾಯಿ. ಶೇ 8ರಿಂದ ಶೇ 6 ಕಳೆದವರು ಇಲ್ಲಿಗೇ ನಿಂತು, ಲಕ್ಷಕ್ಕೆ ಎರಡು ಸಾವಿರ, ಅಂದರೆ ಶೇ 2 ಲಾಭ ಎಂದು ಬರೆದುಕೊಳ್ಳುತ್ತಾರೆ. ಶೇ 2 ನಿಜವಾಗಿದ್ದರೆ ಹೆಚ್ಚುವರಿಯಾಗಿ 8 ಕಿಲೋ ಸಿಗಬೇಕು. ಆದರೆ ಉಳಿದ 2,000 ರೂಪಾಯಿಯನ್ನು ಅಂಗಡಿಗೆ ಒಯ್ದರೆ ಅಲ್ಲಿರುವುದು 265ರ ಬೆಲೆ, ಸಿಗುವುದು 7.55 ಕಿಲೋ ಮಾತ್ರ. 400ಕ್ಕೆ 7.55 ಎಂದರೆ ಶೇ 1.89.

ಕಳೆಯುವ ಲೆಕ್ಕದ ದೋಷ ಇರುವುದು ಇಷ್ಟರಲ್ಲಿಯೇ. ಬೆಲೆ ಏರಿಕೆಯು ಅಸಲನ್ನು ತಿಂದದ್ದನ್ನು ಅದು ಗಮನಿಸುತ್ತದೆ, ಲಾಭವನ್ನೂ ತಿನ್ನುತ್ತದೆ ಎಂಬುದನ್ನು ಗಮನಿಸುವುದಿಲ್ಲ. ಉಳಿದ 2,000 ಈ ವರ್ಷದ ರೂಪಾಯಿ, ಅಸಲಿನ ಒಂದು ಲಕ್ಷ ಹಿಂದಿನ ವರ್ಷದ ರೂಪಾಯಿ. ಇವೆರಡರ ಅನುಪಾತ ತೆಗೆಯುವ ಮೊದಲು ಒಂದನ್ನು ಇನ್ನೊಂದರ ಬೆಲೆಮಟ್ಟಕ್ಕೆ ತರಬೇಕು.

ಹಾಗೆ ತರುವ ಕ್ರಿಯೆಯೇ ಫಿಶರ್ ಸಂಬಂಧ. ಹಣ 1.08 ಪಟ್ಟಾಯಿತು, ಬೆಲೆ 1.06 ಪಟ್ಟಾಯಿತು, ಸಾಮಾನು ಎಷ್ಟು ಪಟ್ಟಾಯಿತು ಎಂದರೆ 1.08ನ್ನು 1.06ರಿಂದ ಭಾಗಿಸಿದಷ್ಟು, ಅಂದರೆ 1.0189 ಪಟ್ಟು. ಸೂತ್ರವಾಗಿ ಬರೆದರೆ:

(1 + ನಾಮಮಾತ್ರ) = (1 + ನೈಜ) × (1 + ಹಣದುಬ್ಬರ)

ನೈಜ = (1 + ನಾಮಮಾತ್ರ) ÷ (1 + ಹಣದುಬ್ಬರ) − 1

ಮೊದಲ ಸಾಲಿನ ಬಲಭಾಗವನ್ನು ಗುಣಿಸಿ ಬಿಡಿಸಿದರೆ ಮೂರು ಪದಗಳು ಬರುತ್ತವೆ: ನೈಜ ದರ, ಹಣದುಬ್ಬರದ ದರ, ಮತ್ತು ಅವೆರಡರ ಗುಣಲಬ್ಧ. ಕಳೆಯುವವರು ಕೈಬಿಡುವುದು ಆ ಮೂರನೆಯ ಪದವನ್ನು. ಆದ್ದರಿಂದ ಒಂದು ವರ್ಷದ ಲೆಕ್ಕದಲ್ಲಿ ತಪ್ಪು ಎಷ್ಟಾಗುತ್ತದೆ ಎಂಬುದನ್ನು ಖಚಿತವಾಗಿ ಹೇಳಬಹುದು: ಅದು ನೈಜ ದರ ಮತ್ತು ಹಣದುಬ್ಬರದ ಗುಣಲಬ್ಧದಷ್ಟು. ಮೇಲಿನ ಉದಾಹರಣೆಯಲ್ಲಿ 0.0189ನ್ನು 0.06ರಿಂದ ಗುಣಿಸಿದರೆ 0.0011, ಅಂದರೆ ಶೇಕಡಾವಾರಿನಲ್ಲಿ 0.11, ಶೇ 2 ಮತ್ತು ಶೇ 1.89ರ ನಡುವಿನ ಅಂತರವೂ ಅಷ್ಟೇ. ಎರಡೂ ಚಿಕ್ಕವಾಗಿದ್ದರೆ ಗುಣಲಬ್ಧ ತೀರ ಚಿಕ್ಕದು. ಆಗ ಬಾಯಿಲೆಕ್ಕಕ್ಕೆ ಕಳೆದರೂ ನಡೆಯುತ್ತದೆ ಎಂದು ಒಪ್ಪಿಕೊಳ್ಳಬೇಕು. ಎರಡರಲ್ಲಿ ಒಂದು ದೊಡ್ಡದಾದಾಗ, ಅಥವಾ ಹಲವು ವರ್ಷಗಳ ಒಟ್ಟು ಏರಿಕೆಯನ್ನು ಒಮ್ಮೆಗೇ ಲೆಕ್ಕಕ್ಕೆ ತೆಗೆದುಕೊಂಡಾಗ, ಅದು ನಡೆಯುವುದಿಲ್ಲ.

ಹಂತ 1: ಬಡ್ಡಿಯನ್ನು ವಾರ್ಷಿಕ ಗುಣಕವಾಗಿ ಬರೆದುಕೊಳ್ಳಿ

ಸೂತ್ರಕ್ಕೆ ಬೇಕಾಗಿರುವುದು ಫಲಕದ ಮೇಲೆ ಬರೆದ ದರವಲ್ಲ, ಹಣ ವಾಸ್ತವವಾಗಿ ಎಷ್ಟು ಪಟ್ಟಾಯಿತು ಎಂಬುದು. ಬ್ಯಾಂಕಿನ ನಿಶ್ಚಿತ ಠೇವಣಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾರೆ. ಶೇ 7 ಎಂದು ಬರೆದಿದ್ದರೆ ಪ್ರತಿ ಮೂರು ತಿಂಗಳಿಗೆ ಶೇ 1.75, 1.0175ನ್ನು ನಾಲ್ಕು ಬಾರಿ ಗುಣಿಸಿದರೆ 1.0719, ಅಂದರೆ ವರ್ಷಕ್ಕೆ ಶೇ 7.19. ಬಡ್ಡಿಯನ್ನು ಪ್ರತಿ ತಿಂಗಳು ಕೈಗೆ ತೆಗೆದುಕೊಳ್ಳುವ ಠೇವಣಿಯಾದರೆ ಈ ಚಕ್ರಬಡ್ಡಿಯ ಲೆಕ್ಕ ಅನ್ವಯಿಸುವುದಿಲ್ಲ.

ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರದಲ್ಲಿ ಈ ತೊಡಕಿಲ್ಲ. ಅವಧಿ ಐದು ವರ್ಷ, ಬಡ್ಡಿ ವರ್ಷಕ್ಕೊಮ್ಮೆ ಅಸಲಿಗೆ ಸೇರುತ್ತದೆ, ಹಣ ಕೈಗೆ ಬರುವುದು ಕೊನೆಗೆ ಒಮ್ಮೆಗೇ, ಮತ್ತು ಕೊಂಡ ದಿನದ ದರವೇ ಕೊನೆಯವರೆಗೆ ಇರುತ್ತದೆ. ಆದ್ದರಿಂದ ಇಲ್ಲಿಂದ ಮುಂದೆ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. 2020ರ ಏಪ್ರಿಲ್ 1ರಿಂದ ಈ ಪತ್ರದ ದರ ಶೇ 7.9ರಿಂದ ಶೇ 6.8ಕ್ಕೆ ಇಳಿಯಿತು. ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಬೆಳೆಗಾರರು ಆ ಏಪ್ರಿಲ್ ತಿಂಗಳ ಆರಂಭದಲ್ಲಿ 1,00,000 ರೂಪಾಯಿಯ ಪತ್ರ ಕೊಂಡರು ಎಂದು ಊಹಿಸೋಣ. 1.068ನ್ನು ಐದು ಬಾರಿ ಗುಣಿಸಿದರೆ 1.3895. 2025ರ ಏಪ್ರಿಲ್‌ನಲ್ಲಿ ಅವರ ಕೈಗೆ ಬಂದದ್ದು 1,38,949 ರೂಪಾಯಿ.

ಹಂತ 2: ಬೆಲೆಗಳ ಗುಣಕವನ್ನು ಸೂಚ್ಯಂಕದಿಂದಲೇ ತೆಗೆಯಿರಿ

ಇಲ್ಲಿ ಆಗುವ ತಪ್ಪು ಕಳೆಯುವ ತಪ್ಪಿಗಿಂತ ಎಷ್ಟೋ ದೊಡ್ಡದು. ಠೇವಣಿ ಮುಗಿದ ತಿಂಗಳಲ್ಲಿ ಪತ್ರಿಕೆಯಲ್ಲಿ ಕಂಡ ಹಣದುಬ್ಬರದ ದರವನ್ನು ತೆಗೆದುಕೊಂಡು ಐದೂ ವರ್ಷಕ್ಕೆ ಅನ್ವಯಿಸುವವರು ಬಹಳ ಮಂದಿ. 2025ರ ಮಾರ್ಚ್ ತಿಂಗಳ ಹಣದುಬ್ಬರ ಶೇ 3.34 ಎಂದು ಪ್ರಕಟವಾಗಿತ್ತು. ಅದು ಹಿಂದಿನ ಮಾರ್ಚ್‌ನಿಂದ ಈ ಮಾರ್ಚ್‌ವರೆಗಿನ ಒಂದು ವರ್ಷದ ಏರಿಕೆ ಮಾತ್ರ. ಶೇ 6.8ರಿಂದ ಅದನ್ನು ಕಳೆದು ಶೇ 3.46 ನೈಜ ಲಾಭ ಎಂದುಕೊಂಡರೆ, ಶೇ 6.95ರಷ್ಟು ಬೆಲೆ ಏರಿದ 2022ರ ಮಾರ್ಚ್‌ವರೆಗಿನ ವರ್ಷವನ್ನು ಮರೆತಂತೆ.

ಸರಿಯಾದ ದಾರಿಯೆಂದರೆ ದರವನ್ನು ಬಿಟ್ಟು ಸೂಚ್ಯಂಕವನ್ನೇ ಹಿಡಿಯುವುದು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ಗ್ರಾಹಕ ಬೆಲೆ ಸೂಚ್ಯಂಕವನ್ನು ಪ್ರತಿ ತಿಂಗಳು ಗ್ರಾಮೀಣ, ನಗರ ಮತ್ತು ಸಂಯುಕ್ತ ಎಂದು ಮೂರು ಬಗೆಯಲ್ಲಿ ಪ್ರಕಟಿಸುತ್ತದೆ. ರಾಜ್ಯವಾರು ಅಂಕಿಗಳೂ ಸಿಗುತ್ತವೆ. 2012ನ್ನು 100 ಎಂದು ಇಟ್ಟುಕೊಂಡ ಸರಣಿಯಲ್ಲಿ ದೇಶದ ಸಂಯುಕ್ತ ಸೂಚ್ಯಂಕವು 2020ರ ಮಾರ್ಚ್‌ನಲ್ಲಿ 148.6 ಇತ್ತು, 2025ರ ಮಾರ್ಚ್‌ನಲ್ಲಿ 192.0 ಇತ್ತು. ಠೇವಣಿಯ ಆರಂಭ ಮತ್ತು ಅಂತ್ಯ ಎರಡೂ ಏಪ್ರಿಲ್ ಮೊದಲ ವಾರದಲ್ಲಿ ಇರುವುದರಿಂದ ಎರಡೂ ಕಡೆ ಮಾರ್ಚ್ ತಿಂಗಳ ಅಂಕಿಯನ್ನು ಬಳಸುವುದು ನ್ಯಾಯ. 2020ರ ಏಪ್ರಿಲ್ ತಿಂಗಳ ಅಂಕಿಯನ್ನು ಬಳಸದಿರಲು ಇನ್ನೂ ಒಂದು ಕಾರಣವಿದೆ: ಲಾಕ್‌ಡೌನ್‌ನಿಂದಾಗಿ ಮಾರುಕಟ್ಟೆಗೆ ಹೋಗಿ ಬೆಲೆ ಸಂಗ್ರಹಿಸುವುದು ಸಾಧ್ಯವಾಗದೆ, ಆ ತಿಂಗಳ ಮತ್ತು ಮೇ ತಿಂಗಳ ಒಟ್ಟು ಸೂಚ್ಯಂಕವನ್ನು ಅಂದಾಜಿನಿಂದ ತುಂಬಲಾಯಿತು.

192.0ನ್ನು 148.6ರಿಂದ ಭಾಗಿಸಿದರೆ 1.2921. ಐದು ವರ್ಷದಲ್ಲಿ ಬೆಲೆಮಟ್ಟ ಒಟ್ಟು ಶೇ 29.21 ಏರಿತು. ಇದರ ಐದನೆಯ ಮೂಲ ತೆಗೆದರೆ 1.0526, ಅಂದರೆ ಸರಾಸರಿ ವರ್ಷಕ್ಕೆ ಶೇ 5.26. ಐದು ವರ್ಷಗಳ ದರಗಳನ್ನು ಒಂದೊಂದಾಗಿ ಹುಡುಕುವ ಅಗತ್ಯವೇ ಇಲ್ಲ. ಎರಡು ತುದಿಯ ಎರಡು ಸಂಖ್ಯೆ ಸಾಕು.

ಹಂತ 3: ಭಾಗಿಸಿ

ಹಣದ ಗುಣಕ 1.3895, ಬೆಲೆಯ ಗುಣಕ 1.2921. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.0754. ಅಂದರೆ 2020ರ ಮಾರ್ಚ್‌ನಲ್ಲಿ ಒಂದು ಲಕ್ಷಕ್ಕೆ ಎಷ್ಟು ಸಾಮಾನು ಬರುತ್ತಿತ್ತೋ ಅದಕ್ಕಿಂತ ಶೇ 7.54ರಷ್ಟು ಹೆಚ್ಚು ಸಾಮಾನು ಐದು ವರ್ಷದ ನಂತರ ಬರುತ್ತದೆ. ಪಾಸ್‌ಬುಕ್ ತೋರಿಸಿದ 38,949 ರೂಪಾಯಿ ಬಡ್ಡಿಯ ಒಳಗಿನ ತಿರುಳು, 2020ರ ರೂಪಾಯಿಯ ಲೆಕ್ಕದಲ್ಲಿ, 7,541 ರೂಪಾಯಿ. ವರ್ಷದ ಲೆಕ್ಕಕ್ಕೆ 1.0754ರ ಐದನೆಯ ಮೂಲ ತೆಗೆದರೆ 1.0146, ಅಂದರೆ ಶೇ 1.46.

ಕಳೆಯುವ ಕ್ರಮ ಇದೇ ಠೇವಣಿಗೆ ಏನು ಹೇಳುತ್ತದೆ ಎಂದು ಪಕ್ಕದಲ್ಲಿಟ್ಟು ನೋಡೋಣ. ವಾರ್ಷಿಕ ದರಗಳನ್ನು ಕಳೆದರೆ 6.8ರಿಂದ 5.26 ಹೋಗಿ ಶೇ 1.54, ಸರಿಯಾದ ಉತ್ತರಕ್ಕಿಂತ 0.08ರಷ್ಟು ಮಾತ್ರ ಹೆಚ್ಚು. ಆದರೆ ಹೆಚ್ಚಿನವರು ಕಳೆಯುವುದು ವಾರ್ಷಿಕ ದರವನ್ನಲ್ಲ. ಹಣ ಒಟ್ಟು ಶೇ 38.95 ಬೆಳೆಯಿತು, ಬೆಲೆ ಒಟ್ಟು ಶೇ 29.21 ಏರಿತು, ಆದ್ದರಿಂದ ಶೇ 9.74 ಉಳಿಯಿತು ಎನ್ನುತ್ತಾರೆ. ಲಕ್ಷಕ್ಕೆ 9,743 ರೂಪಾಯಿ! ನಿಜವಾದದ್ದು 7,541. ಈ 9,743 ಸುಳ್ಳು ಸಂಖ್ಯೆಯಲ್ಲ. ಹಳೆಯ ಒಂದು ಲಕ್ಷದ ಸಾಮಾನನ್ನು 1,29,206 ರೂಪಾಯಿಗೆ ಕೊಂಡ ಮೇಲೆ ಅಷ್ಟು ಹಣ ಜೇಬಿನಲ್ಲಿ ಉಳಿಯುವುದು ನಿಜ. ಆದರೆ ಅದು 2025ರ ರೂಪಾಯಿ. ಅದನ್ನು 1.2921ರಿಂದ ಭಾಗಿಸಿ 2020ರ ರೂಪಾಯಿಗೆ ತಂದರೆ ಸರಿಯಾಗಿ 7,541 ಬರುತ್ತದೆ. ಮೈಲುತುತ್ತದ ಲೆಕ್ಕದಲ್ಲಿ ಉಳಿದ 2,000 ರೂಪಾಯಿಯನ್ನು 265ರ ಬೆಲೆಯಲ್ಲಿ ಕೊಂಡದ್ದೂ ಇದೇ ಕ್ರಿಯೆ.

ಲೆಕ್ಕವನ್ನು ಕಂಪ್ಯೂಟರಿನ ಹಾಳೆಯಲ್ಲಿ ಮಾಡುವವರು B1ರಲ್ಲಿ ಇಟ್ಟ ಹಣ, B2ರಲ್ಲಿ ಬಂದ ಹಣ, B3ರಲ್ಲಿ ಆರಂಭದ ಸೂಚ್ಯಂಕ, B4ರಲ್ಲಿ ಅಂತ್ಯದ ಸೂಚ್ಯಂಕ, B5ರಲ್ಲಿ ವರ್ಷಗಳ ಸಂಖ್ಯೆ ಬರೆದುಕೊಂಡರೆ, ಮೊದಲ ಸಾಲು ಒಟ್ಟು ನೈಜ ಪ್ರತಿಫಲವನ್ನೂ ಎರಡನೆಯದು ವಾರ್ಷಿಕ ದರವನ್ನೂ ಕೊಡುತ್ತದೆ:

```
=(B2/B1)/(B4/B3)-1
=((B2/B1)/(B4/B3))^(1/B5)-1
```

ಉತ್ತರ ಸರಿಯೇ ಎಂದು ತಿಳಿಯಲು ಹಿಂದಕ್ಕೆ ಗುಣಿಸಿ ನೋಡಬೇಕು: 1.0146ನ್ನು 1.0526ರಿಂದ ಗುಣಿಸಿದರೆ 1.068 ಮರಳಿ ಬರಬೇಕು. ಇನ್ನೊಂದು ಗುರುತೂ ಇದೆ. ಬೆಲೆಗಳು ಏರುತ್ತಿರುವಾಗ ಸರಿಯಾದ ನೈಜ ದರವು ಕಳೆದು ಬಂದ ಸಂಖ್ಯೆಗಿಂತ ಸೊನ್ನೆಗೆ ಯಾವಾಗಲೂ ಹತ್ತಿರದಲ್ಲಿರುತ್ತದೆ. ಲಾಭವಿದ್ದರೆ ಲಾಭ ಸ್ವಲ್ಪ ಕಡಿಮೆ, ನಷ್ಟವಿದ್ದರೆ ನಷ್ಟವೂ ಸ್ವಲ್ಪ ಕಡಿಮೆ. ಉದಾಹರಣೆಗೆ ಶೇ 3 ಬಡ್ಡಿಯ ಉಳಿತಾಯ ಖಾತೆಗೆ ಶೇ 6 ಹಣದುಬ್ಬರವಿದ್ದರೆ ಕಳೆದವರಿಗೆ ಶೇ 3 ನಷ್ಟ ಕಾಣುತ್ತದೆ, ಭಾಗಿಸಿದವರಿಗೆ ಶೇ 2.83. ಲಾಭ ಬರಬೇಕಾದಲ್ಲಿ ನಷ್ಟವೋ ನಷ್ಟ ಬರಬೇಕಾದಲ್ಲಿ ಲಾಭವೋ ಬಂದರೆ ಮೇಲಿನದೂ ಕೆಳಗಿನದೂ ಅದಲುಬದಲಾಗಿವೆ ಎಂದು ತಿಳಿಯಬೇಕು. ಉತ್ತರ ಶೇ 25ರ ಆಸುಪಾಸಿನಲ್ಲಿ ಬಂದರೆ 0.068 ಬರೆಯುವ ಬದಲು 6.8 ಬರೆದಿದ್ದೀರಿ ಎಂದರ್ಥ, 7.8ನ್ನು 6.26ರಿಂದ ಭಾಗಿಸಿದರೆ ಹಾಗೆಯೇ ಆಗುತ್ತದೆ.

ಹಂತ 4: ತೆರಿಗೆಯನ್ನು ಮೊದಲು ಕಳೆಯಿರಿ, ಹಣದುಬ್ಬರಕ್ಕೆ ಆಮೇಲೆ ಬನ್ನಿ

ತೋಟದ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ಅದೇ ಹಣದ ಬಡ್ಡಿಗೂ ಇಲ್ಲ ಎಂಬ ಭಾವನೆ ನಮ್ಮ ಕಡೆ ವ್ಯಾಪಕವಾಗಿದೆ. ಬಡ್ಡಿಯು ಕೃಷಿ ಆದಾಯವಲ್ಲ. ಮನೆಯಲ್ಲಿ ಸಂಬಳವೋ ವ್ಯಾಪಾರವೋ ಇದ್ದು ತೆರಿಗೆಯ ಮಿತಿಯನ್ನು ದಾಟಿದವರಿಗೆ ಠೇವಣಿಯ ಬಡ್ಡಿಗೆ ತೆರಿಗೆ ಬೀಳುತ್ತದೆ.

ಗಮನಿಸಬೇಕಾದ ವಿಷಯವೆಂದರೆ ತೆರಿಗೆ ಬೀಳುವುದು ನಾಮಮಾತ್ರ ಬಡ್ಡಿಯ ಮೇಲೆ. ಬೆಲೆ ಏರಿಕೆಯಿಂದ ಕರಗಿಹೋದ ಭಾಗಕ್ಕೂ ತೆರಿಗೆ ಕಟ್ಟಬೇಕು. ಆದ್ದರಿಂದ ಕ್ರಮ ಮುಖ್ಯ. ಶೇ 20ರ ಹಂತದಲ್ಲಿರುವವರಿಗೆ ಶೇ 4 ಸೆಸ್ ಸೇರಿ ತೆರಿಗೆ ಶೇ 20.8 ಆಗುತ್ತದೆ. 6.8ರಲ್ಲಿ ಅಷ್ಟು ಹೋದರೆ ಉಳಿಯುವುದು ಶೇ 5.39. ಪ್ರತಿ ವರ್ಷವೂ ಬಡ್ಡಿಯಿಂದಲೇ ತೆರಿಗೆ ಹೋಯಿತು ಎಂದು ಲೆಕ್ಕ ಹಾಕಿದರೆ ಐದು ವರ್ಷಕ್ಕೆ ಗುಣಕ 1.2999. ಇದನ್ನು 1.2921ರಿಂದ ಭಾಗಿಸಿದರೆ 1.0061. ಒಂದು ಲಕ್ಷ ರೂಪಾಯಿ ಐದು ವರ್ಷ ಕಾದು ಗಳಿಸಿದ್ದು, 2020ರ ರೂಪಾಯಿಯಲ್ಲಿ, ಸುಮಾರು 600 ರೂಪಾಯಿ. ಶೇ 30ರ ಹಂತದವರಾದರೆ ಸೆಸ್ ಸೇರಿ ಶೇ 31.2 ಹೋಗಿ 4.68 ಉಳಿಯುತ್ತದೆ, ಅವರ ನೈಜ ದರ ವರ್ಷಕ್ಕೆ ಸೊನ್ನೆಗಿಂತ ಶೇ 0.55ರಷ್ಟು ಕೆಳಗೆ.

ಇದನ್ನು ತಿರುಗುಮುರುಗಾಗಿ ಮಾಡಿದರೆ, ಅಂದರೆ ಮೊದಲು ನೈಜ ದರ 1.46 ಕಂಡುಹಿಡಿದು ಅದರಿಂದ ಶೇ 20.8 ತೆರಿಗೆ ಕಳೆದರೆ, ಶೇ 1.16 ಎಂಬ ಹಿತವಾದ ಆದರೆ ಪೂರ್ತಿ ತಪ್ಪಾದ ಉತ್ತರ ಬರುತ್ತದೆ. ಸರಿಯಾದದ್ದು ಶೇ 0.12. ಈ ಇಡೀ ಲೆಕ್ಕದಲ್ಲಿ ನಾನು ಒತ್ತಿ ಹೇಳಬೇಕಾದ ಒಂದು ಅಂಶವಿದ್ದರೆ ಇದೇ, ಏಕೆಂದರೆ ಇಲ್ಲಿ ತಪ್ಪು ಹತ್ತು ಪಟ್ಟಿನ ಸಮೀಪಕ್ಕೆ ಹೋಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ಉಳಿತಾಯ ಪತ್ರಕ್ಕೆ 80ಸಿ ವಿನಾಯಿತಿ ಪಡೆದವರು ಆ ಉಳಿತಾಯವನ್ನು ಬೇರೆಯಾಗಿ ಸೇರಿಸಿ ನೋಡಬೇಕಾಗುತ್ತದೆ.

ಯಾವ ಸೂಚ್ಯಂಕ, ಯಾರ ಬೆಲೆ

ಸೂತ್ರ ನಿಖರವಾದರೂ ಅದರೊಳಗೆ ಹಾಕುವ ಹಣದುಬ್ಬರ ನಿಖರವಲ್ಲ. ಇದನ್ನು ಮುಚ್ಚಿಡಬಾರದು. ಶಿಮ್ಲಾದ ಕಾರ್ಮಿಕ ಬ್ಯೂರೋ ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ತೆಗೆದುಕೊಳ್ಳಿ. ಅದು 2020ರ ಮಾರ್ಚ್‌ನಲ್ಲಿ 326 ಇತ್ತು, 2025ರ ಮಾರ್ಚ್‌ನಲ್ಲಿ 143.0. ಹಾಗೆಯೇ ಭಾಗಿಸಿದರೆ ಬೆಲೆಗಳು ಅರ್ಧಕ್ಕಿಂತ ಕೆಳಗೆ ಇಳಿದಂತೆ ಕಾಣುತ್ತದೆ. ಕಾರಣ, ಮಧ್ಯದಲ್ಲಿ ಆಧಾರ ವರ್ಷ 2001ರಿಂದ 2016ಕ್ಕೆ ಬದಲಾಯಿತು. ಹೊಸ ಸರಣಿಯ ಅಂಕಿಯನ್ನು ಹಳೆಯದಕ್ಕೆ ತರಲು 2.88 ಎಂಬ ಜೋಡಣೆ ಗುಣಕವಿದೆ: 143.0ನ್ನು 2.88ರಿಂದ ಗುಣಿಸಿದರೆ 411.8, ಅದನ್ನು 326ರಿಂದ ಭಾಗಿಸಿದರೆ 1.2633. ಯಾವುದೇ ಸೂಚ್ಯಂಕದ ಆಧಾರ ವರ್ಷ ಬದಲಾದಾಗಲೂ ಹೀಗೆಯೇ ಜೋಡಣೆ ಗುಣಕವನ್ನು ಹುಡುಕಿ ಎರಡೂ ತುದಿಗಳನ್ನು ಒಂದೇ ಸರಣಿಗೆ ತಂದ ಮೇಲೆ ಮಾತ್ರ ಭಾಗಿಸಬೇಕು.

ಈ ಸೂಚ್ಯಂಕದ ಪ್ರಕಾರ ನಮ್ಮ ಠೇವಣಿಯ ನೈಜ ದರ, ತೆರಿಗೆಗೆ ಮೊದಲು, ವರ್ಷಕ್ಕೆ ಶೇ 1.92 ಆಗುತ್ತದೆ, ಮೊದಲಿನದರ ಪ್ರಕಾರ ಶೇ 1.46. ಎರಡು ಸೂಚ್ಯಂಕಗಳ ನಡುವಿನ ಈ ಅಂತರ, ವಾರ್ಷಿಕ ದರಗಳನ್ನು ಕಳೆಯುವುದರಿಂದ ಆಗುವ 0.08ರ ತಪ್ಪಿಗಿಂತ ದೊಡ್ಡದು. ಹಾಗಾದರೆ ಇಷ್ಟು ನಿಖರತೆ ಏಕೆ ಎಂದು ಕೇಳಬಹುದು. ಸೂಚ್ಯಂಕದ ಅನಿಶ್ಚಿತತೆ ನಮ್ಮ ಕೈಯಲ್ಲಿಲ್ಲ, ಅದು ಎರಡೂ ಕಡೆಗೆ ವಾಲಬಹುದು. ಕಳೆಯುವ ತಪ್ಪು, ಲಾಭವಿರುವ ಠೇವಣಿಯಲ್ಲಿ, ಯಾವಾಗಲೂ ಲಾಭವನ್ನು ಹೆಚ್ಚಿಸಿಯೇ ತೋರಿಸುತ್ತದೆ ಮತ್ತು ವರ್ಷಗಳು ಉರುಳಿದಂತೆ ಕೂಡುತ್ತಾ ಹೋಗುತ್ತದೆ. ಶೇ 12ರಂತೆ ಬೆಳೆಯುವ ಹೂಡಿಕೆ, ಶೇ 6 ಹಣದುಬ್ಬರ, ಇಪ್ಪತ್ತು ವರ್ಷ ಎಂದಿಟ್ಟುಕೊಂಡರೆ, ಕಳೆದವರ ಲೆಕ್ಕದಲ್ಲಿ ಒಂದು ಲಕ್ಷವು ಇಂದಿನ ರೂಪಾಯಿಯಲ್ಲಿ 3.21 ಲಕ್ಷವಾಗುತ್ತದೆ, ಭಾಗಿಸಿದವರ ಲೆಕ್ಕದಲ್ಲಿ 3.01 ಲಕ್ಷ. ಒಂದು ಭಾಗಾಕಾರದಿಂದ ತಪ್ಪಿಸಬಹುದಾದ ಇಪ್ಪತ್ತು ಸಾವಿರದ ತಪ್ಪನ್ನು ಉಳಿಸಿಕೊಳ್ಳಲು ಕಾರಣವಿಲ್ಲ.

ಆದಾಯ ತೆರಿಗೆಯವರ ವೆಚ್ಚ ಹಣದುಬ್ಬರ ಸೂಚ್ಯಂಕ ಸುಲಭವಾಗಿ ಸಿಗುತ್ತದೆ ಎಂದು ಅದನ್ನು ಬಳಸುವವರಿದ್ದಾರೆ. 2019-20ಕ್ಕೆ 289, 2024-25ಕ್ಕೆ 363, ಗುಣಕ 1.256. ಇದನ್ನು ಈ ಕೆಲಸಕ್ಕೆ ಬಳಸಲೇಬಾರದು. ಹಿಂದಿನ ವರ್ಷದ ನಗರ ಗ್ರಾಹಕ ಬೆಲೆ ಸೂಚ್ಯಂಕದ ಸರಾಸರಿ ಏರಿಕೆಯ ಶೇ 75ನ್ನು ಮಾತ್ರ ಆಧಾರವಾಗಿಟ್ಟು ಅದನ್ನು ನಿಗದಿಪಡಿಸುತ್ತಾರೆ. ಆಸ್ತಿ ಮಾರಾಟದ ತೆರಿಗೆಗಾಗಿ ಮಾಡಿದ ಅಳತೆ ಅದು. ಬೆಲೆ ಏರಿಕೆಯನ್ನು ಕಡಿಮೆ ತೋರಿಸುವುದು ಅದರ ರಚನೆಯಲ್ಲಿಯೇ ಇದೆ. ಸಗಟು ಬೆಲೆ ಸೂಚ್ಯಂಕವೂ ಮನೆ ಖರ್ಚಿನ ಅಳತೆಯಲ್ಲ.

ಇನ್ನು ನಮ್ಮದೇ ಮನೆಯ ಹಣದುಬ್ಬರ. ದೇಶದ ಸಂಯುಕ್ತ ಸೂಚ್ಯಂಕದ 2012ರ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳಿಗೆ ಶೇ 45.86 ತೂಕವಿದೆ. ಅಕ್ಕಿ, ತೆಂಗು, ತರಕಾರಿ ಮನೆಯಲ್ಲಿಯೇ ಬೆಳೆದು, ಕೊನೆ ತೆಗೆಯುವವರ ಕೂಲಿ, ಮಕ್ಕಳ ಹಾಸ್ಟೆಲ್ ಶುಲ್ಕ, ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಹೋಗುವ ಆಸ್ಪತ್ರೆ ಖರ್ಚು ಇವೇ ದೊಡ್ಡವಾಗಿರುವ ಮನೆಗೆ ಆ ತೂಕ ಹೊಂದುವುದಿಲ್ಲ. ಅಂಥವರು ಐದು ವರ್ಷದ ಹಿಂದಿನ ಒಂದು ತಿಂಗಳ ಖರ್ಚಿನ ಪಟ್ಟಿ ಹಿಡಿದು, ಅದೇ ವಸ್ತುಗಳಿಗೆ, ಅದೇ ಪ್ರಮಾಣಕ್ಕೆ ಇಂದಿನ ಬೆಲೆ ಬರೆದು ಕೂಡಬೇಕು. ಅಂದು 20,000 ಆಗಿದ್ದ ಪಟ್ಟಿ ಇಂದು 27,000 ಆದರೆ ಗುಣಕ 1.35. ಆಗ ಉಳಿತಾಯ ಪತ್ರದ 1.3895ನ್ನು 1.35ರಿಂದ ಭಾಗಿಸಿ ಬರುವ ಶೇ 2.9 ಆ ಮನೆಯ ಪಾಲಿನ ಐದು ವರ್ಷದ ಒಟ್ಟು ನೈಜ ಗಳಿಕೆ. ಇಲ್ಲಿ ಅಂದಿನ ಒಟ್ಟು ಖರ್ಚನ್ನು ಇಂದಿನ ಒಟ್ಟು ಖರ್ಚಿಗೆ ಹೋಲಿಸಬಾರದು. ಮಧ್ಯೆ ಬೈಕಿನ ಬದಲು ಕಾರು ಬಂದಿದ್ದರೆ ಅದು ಜೀವನಮಟ್ಟದ ಏರಿಕೆ, ಬೆಲೆಯ ಏರಿಕೆಯಲ್ಲ.

ಠೇವಣಿಯನ್ನು ರಾಶಿ ಅಡಿಕೆಯ ಕ್ವಿಂಟಾಲಿನಲ್ಲಿ ಅಳೆಯುವ ರೂಢಿಯೂ ನಮ್ಮಲ್ಲಿದೆ: ಅಂದು ಮಾರದೆ ಇಟ್ಟಿದ್ದರೆ ಇಂದು ಎಷ್ಟಾಗುತ್ತಿತ್ತು ಎಂಬ ಲೆಕ್ಕ. ಅದು ಎರಡು ಹೂಡಿಕೆಗಳ ಹೋಲಿಕೆಯಾಗಿ ಸಾಧುವಾದದ್ದೇ, ಆದರೆ ಹಣದುಬ್ಬರದ ಅಳತೆಯಲ್ಲ. ಅಡಿಕೆಯ ಧಾರಣೆ ದುಪ್ಪಟ್ಟಾದರೆ ಬೆಳೆಗಾರನ ಅಕ್ಕಿ, ಶಾಲೆ, ಔಷಧಿಯ ಬೆಲೆ ದುಪ್ಪಟ್ಟಾಗುವುದಿಲ್ಲ.

ಹಂತ 5: ಮುಂದಿನದಕ್ಕೆ ಸೂತ್ರವನ್ನು ತಿರುಗಿಸಿ ಬಳಸುವುದು

ಇಲ್ಲಿಯವರೆಗೆ ಮುಗಿದ ಠೇವಣಿಯ ಲೆಕ್ಕವಾಯಿತು. ಮುಂದಿನ ಗುರಿಗೆ ಬಳಸುವಾಗ ಹಣದುಬ್ಬರದ ಜಾಗದಲ್ಲಿ ನಿರೀಕ್ಷಿತ ಹಣದುಬ್ಬರವನ್ನು ಹಾಕಬೇಕು. ಅದು ಊಹೆಯಾದ್ದರಿಂದ ಒಂದೇ ಸಂಖ್ಯೆಯನ್ನು ನಂಬದೆ ಎರಡು ಮೂರು ಸಂಖ್ಯೆಗಳಿಗೆ ಲೆಕ್ಕ ಮಾಡಿ ನೋಡುವುದು ಕ್ಷೇಮ.

ನೈಜವಾಗಿ ಶೇ 3 ಬೆಳೆಯಬೇಕು, ಹಣದುಬ್ಬರ ಶೇ 5.26 ಎಂದುಕೊಂಡರೆ ಬೇಕಾದ ಬಡ್ಡಿ ಶೇ 8.26 ಅಲ್ಲ, 1.03ನ್ನು 1.0526ರಿಂದ ಗುಣಿಸಿ ಬರುವ ಶೇ 8.42. ಅದೂ ತೆರಿಗೆ ಕಳೆದ ನಂತರದ ದರ.

ಹತ್ತು ವರ್ಷದ ನಂತರ ಮಗಳ ಕಾಲೇಜಿಗೆ ಇಂದಿನ ಬೆಲೆಯಲ್ಲಿ 5 ಲಕ್ಷ ರೂಪಾಯಿ ಬೇಕು ಎನ್ನಿ. ಶುಲ್ಕ ವರ್ಷಕ್ಕೆ ಶೇ 6 ಏರುತ್ತದೆ, ಠೇವಣಿ ತೆರಿಗೆ ಕಳೆದು ಶೇ 5.39 ಕೊಡುತ್ತದೆ ಎಂಬ ಊಹೆಯಲ್ಲಿ, 1.06ನ್ನು 1.0539ರಿಂದ ಭಾಗಿಸಿ ಹತ್ತನೆಯ ಘಾತಕ್ಕೆ ಏರಿಸಿದರೆ ಸುಮಾರು 1.06 ಬರುತ್ತದೆ. ಅಂದರೆ ಇಂದೇ ಸುಮಾರು 5.3 ಲಕ್ಷ ತೆಗೆದಿಡಬೇಕು. ತೆರಿಗೆಯನ್ನು ಮರೆತು, 6.8ರಿಂದ 6 ಕಳೆದು, ವರ್ಷಕ್ಕೆ ಶೇ 0.8 ನೈಜ ಲಾಭವಿದೆ ಎಂದು ನಂಬಿದವರು 4.62 ಲಕ್ಷ ಸಾಕು ಎಂದುಕೊಳ್ಳುತ್ತಾರೆ. ಕೊರತೆ ಗೊತ್ತಾಗುವುದು ಪ್ರವೇಶದ ವರ್ಷದಲ್ಲಿ. ಉಳಿತಾಯ ಪತ್ರದ ಅವಧಿ ಐದೇ ವರ್ಷವಾದ್ದರಿಂದ ಮಧ್ಯದಲ್ಲಿ ಒಮ್ಮೆ ಹೊಸ ದರಕ್ಕೆ ಮರುಹೂಡಿಕೆ ಮಾಡಲೇಬೇಕಾಗುತ್ತದೆ. ಆ ದಿನ ಹಳೆಯ ಊಹೆಗಳನ್ನು ಬಿಟ್ಟು, ಅಂದಿನ ಸೂಚ್ಯಂಕ, ಅಂದಿನ ಬಡ್ಡಿ, ಕಾಲೇಜಿನ ಅಂದಿನ ಶುಲ್ಕ ಈ ಮೂರನ್ನೂ ಹೊಸದಾಗಿ ಬರೆದುಕೊಂಡು, ಉಳಿದ ಐದು ವರ್ಷಕ್ಕೆ ಇದೇ ಭಾಗಾಕಾರವನ್ನು ಮತ್ತೆ ಮಾಡಿ, ಕೊರತೆ ಕಂಡರೆ ಆಗಲೇ ತುಂಬಬೇಕು.